ಪದ ಪರಿಚಯ: ಕಾಕು

‘ಕಾಕು’ ಅಂದರೆ ಕುಹಕದ ಮಾತು ಎಂಬ ಅರ್ಥ ನಮಗೆಲ್ಲ ಗೊತ್ತು. ಕಾವ್ಯಮೀಮಾಂಸೆಯಲ್ಲಿ ಅದಕ್ಕೆ ಇನ್ನೊಂದು ಅರ್ಥವಿದೆ: ಮಾತಿನ ಅರ್ಥವನ್ನೇ ಬದಲಿಸಿಬಿಡುವ ದನಿಯ ಏರಿಳಿತ. ‘ನೀನು ಬರ್ತೀಯ’ ಅನ್ನುವುದು ಪ್ರಶ್ನೆಯೋ ಅಪ್ಪಣೆಯೋ ನಂಬದವನ ಅಣಕವೋ ಎಂದು ತಿಳಿಯುವುದು ಕಾಕುವಿನಿಂದ. ರಾಜಕೀಯದ ಅಭಿಪ್ರಾಯವನ್ನು ಬರೆದು ಹಾಕಿದಾಗ ಮೊದಲು ಕಳೆದುಹೋಗುವುದು ಇದೇ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಮಮ್ಮಟ ತನ್ನ ‘ಕಾವ್ಯಪ್ರಕಾಶ’ದಲ್ಲಿ ಒಂದು ಪುಟ್ಟ ವಾಕ್ಯ ಕೊಡುತ್ತಾನೆ: ‘ಸೂರ್ಯ ಮುಳುಗಿದ’. ದನ ಕಾಯುವವನಿಗೆ ಇದು ‘ದನ ಹೊಡೆದುಕೊಂಡು ಬಾ’ ಎಂದು ಕೇಳಿಸುತ್ತದೆ, ವ್ಯಾಪಾರಿಗೆ ‘ಸರಕು ಒಳಗಿಡು’ ಎಂದು, ಹೊರಟು ನಿಂತವನಿಗೆ ‘ದೂರ ಹೋಗಬೇಡ’ ಎಂದು. ವಾಕ್ಯದಲ್ಲಿ ಇವ್ಯಾವುವೂ ಇಲ್ಲ. ಇಂಥ ಸೂಚ್ಯಾರ್ಥ ಎಲ್ಲಿಂದ ಹುಟ್ಟುತ್ತದೆ ಎಂದು ಅವನು ಪಟ್ಟಿಯನ್ನೇ ಮಾಡಿದ್ದಾನೆ. ಹೇಳುವವನು, ಕೇಳುವವನು, ಕಾಕು, ಸಂದರ್ಭ, ಜಾಗ, ಕಾಲ ಅದರಲ್ಲಿವೆ. ಜೊತೆಗೆ ‘ಅನ್ಯಸನ್ನಿಧಿ’, ಅಂದರೆ ಪಕ್ಕದಲ್ಲಿ ಮೂರನೆಯವರು ಇರುವುದು. ಸಾವಿರ ವರ್ಷದ ಹಿಂದಿನ ಈ ಪಟ್ಟಿ ಇಂದಿನ ಜಗಳಗಳಿಗೆ ಇಷ್ಟು ಚೆನ್ನಾಗಿ ಹೊಂದುತ್ತದೆಂದು ನಾನಂತೂ ಎಣಿಸಿರಲಿಲ್ಲ.

ಈಗ ಒಬ್ಬರು ಹೀಗೆ ಬರೆದರು ಎಂದಿಟ್ಟುಕೊಳ್ಳಿ: ‘ತೆರಿಗೆ ಏರಿಸಿದ್ದು ಒಳ್ಳೇದೇ ಆಯ್ತು ಬಿಡಿ. ಈಗಲಾದರೂ ರಸ್ತೆ ಮಾಡ್ತಾರಂತೆ.’

ಬರೆದವರಿಗೆ ನಿಜವಾಗಿಯೂ ಸಮಾಧಾನವೇ ಆಗಿರಬಹುದು. ಆದರೆ ‘ಒಳ್ಳೇದೇ’ಯ ಕೊನೆಯ ‘ಏ’, ಅದರ ಬೆನ್ನಿಗೇ ಬಂದ ‘ಬಿಡಿ’, ಇವೆರಡೂ ದನಿ ಇಲ್ಲದಿದ್ದರೆ ಎರಡೂ ಕಡೆಗೆ ವಾಲುತ್ತವೆ. ‘ಈಗಲಾದರೂ’ ಅಂದಕೂಡಲೇ ‘ಇಷ್ಟು ದಿನ ಏನೂ ಮಾಡಲಿಲ್ಲ’ ಎಂಬ ಆರೋಪ ತಾನಾಗಿ ಒಳಬರುತ್ತದೆ. ‘ಮಾಡ್ತಾರಂತೆ’ಯಲ್ಲಿರುವ ‘ಅಂತೆ’ ಬರಿಯ ಕೇಳಿದ ಸುದ್ದಿಯೂ ಹೌದು, ‘ನಂಬಿದರೆ ನೀನೇ ದಡ್ಡ’ ಎಂಬ ನಗೆಯೂ ಹೌದು. ಆಳುವ ಪಕ್ಷದ ಅಭಿಮಾನಿ ಇದನ್ನು ಅಣಕ ಎಂದು ಓದುತ್ತಾನೆ, ವಿರೋಧಿ ಹೊಗಳಿಕೆ ಎಂದು ಓದುತ್ತಾನೆ. ಇಬ್ಬರಿಗೂ ಸಿಟ್ಟು, ಅದೂ ಒಂದೇ ವಾಕ್ಯದ ಮೇಲೆ.

ಬರೆದವರಿಗೆ ಇದು ಕಾಣುವುದಿಲ್ಲ. ಅವರ ಕಿವಿಯಲ್ಲಿ ತಮ್ಮದೇ ದನಿ ಮೊಳಗುತ್ತಿರುತ್ತದೆ. ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಇಮೇಲ್‌ನಲ್ಲಿ ಬರೆದದ್ದು ಗಂಭೀರವೋ ವ್ಯಂಗ್ಯವೋ ಎಂದು ಓದುಗರು ನೂರಕ್ಕೆ 78 ಸಲ ಗುರುತಿಸುತ್ತಾರೆ ಎಂದು ಬರೆದವರು ನಂಬಿದ್ದರು. ಗುರುತಿಸಿದ್ದು 56 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಸರಿಹೋಗುತ್ತಿತ್ತು. ದನಿ ಕೇಳಿಸಿಕೊಂಡವರು ಇದಕ್ಕಿಂತ ಎಷ್ಟೋ ಚೆನ್ನಾಗಿ ಗುರುತಿಸಿದರು.

ಹಾಗಾದರೆ ಬರೆಯುವುದು ಹೇಗೆ? ದನಿ ಮಾಡಬೇಕಿದ್ದ ಕೆಲಸವನ್ನು ಪದಗಳಿಂದ ಮಾಡಿಸಬೇಕು, ವಾಲುವ ಪ್ರತ್ಯಯಗಳನ್ನು ತೆಗೆಯಬೇಕು. ಮೇಲಿನ ಮಾತೇ ಹೀಗಾಗಬಹುದು: ‘ತೆರಿಗೆ ಏರಿಸಿದ್ದು ನನಗೆ ಸರಿ ಅನ್ನಿಸಿತು. ಆ ದುಡ್ಡನ್ನು ರಸ್ತೆಗೆ ಬಳಸುವುದಾಗಿ ಹೇಳಿದ್ದಾರೆ. ಬಳಸದಿದ್ದರೆ ನನ್ನ ಅಭಿಪ್ರಾಯ ಬದಲಾಗುತ್ತದೆ.’ ಅಭಿಪ್ರಾಯ ಮೆತ್ತಗಾಗಿಲ್ಲ, ಅದು ಎಲ್ಲಿಯವರೆಗೆ ಎಂಬುದಷ್ಟೇ ಗೊತ್ತಾಗಿದೆ. ‘ನಿಮ್ಮವರು’, ‘ಅವರ ಕಡೆಯವರು’ ಎಂಬ ಪದಗಳನ್ನೂ ಬಿಡುವುದು ಲೇಸು. ಓದುವವನು ಯಾವ ಕಡೆ ಎಂದು ನೀವೇ ತೀರ್ಮಾನಿಸಿದ ಹಾಗೆ ಅದು ಕೇಳಿಸುತ್ತದೆ.

‘ಯಾರನ್ನೂ ನೋಯಿಸುವ ಉದ್ದೇಶವಿಲ್ಲ’ ಎಂಬ ಪೀಠಿಕೆ ಮಾತ್ರ ಬೇಡ. ಅದನ್ನು ಓದಿದವನು ‘ಯಾರಿಗೋ ಬಡಿಯಲಿಕ್ಕಿದೆ’ ಎಂದು ಸಜ್ಜಾಗಿ ಕೂರುತ್ತಾನೆ.

ಅನ್ಯಸನ್ನಿಧಿಗೆ ಇಷ್ಟು ಸುಲಭದ ಮದ್ದಿಲ್ಲ. ಇಬ್ಬರೇ ಇದ್ದಾಗ ‘ಓ, ಹಾಗಂದಿರಾ’ ಎಂದು ಸುಮ್ಮನಾಗುವ ಮನುಷ್ಯ ಹತ್ತು ಜನ ನೋಡುವಾಗ ಹಿಂದೆ ಸರಿಯುವುದಿಲ್ಲ, ಸರಿದರೆ ಸೋತಂತೆ. ಆಗ ‘ನಾನು ಹಾಗೆ ಹೇಳಲೇ ಇಲ್ಲ’ ಎಂದು ವಾದಕ್ಕೆ ನಿಲ್ಲುವ ಬದಲು ‘ಯಾವ ಪದ ಹಾಗೆ ಕೇಳಿಸಿತು?’ ಎಂದು ಕೇಳಿ ನೋಡಬಹುದು. ಉತ್ತರವಾಗಿ ಒಂದು ಪದ ಬಂದರೆ ಅಲ್ಲಿ ಆದದ್ದು ಕಾಕುವಿನ ಎಡವಟ್ಟು. ಆ ಪದ ಬದಲಿಸಿದರೆ ಸಾಕು. ‘ಯಾವ ಪದವಾದರೇನು, ತೆರಿಗೆ ಏರಿಸಿದ್ದೇ ತಪ್ಪು’ ಎಂದು ಬಂದರೆ ನಿಜವಾದ ಭಿನ್ನಮತವೇ ಸಿಕ್ಕಿತು. ಅಲ್ಲಿ ಪದ ತಿದ್ದುತ್ತ ಕೂರುವುದಕ್ಕಿಂತ ತೆರಿಗೆಯ ಬಗ್ಗೆಯೇ ಮಾತಾಡಬೇಕಾಗುತ್ತದೆ.