ದುಡ್ಡು ಕಟ್ಟಾಗಿದೆ, ಆ್ಯಪ್ ತೆರೆದಿಲ್ಲ: ಮೊದಲು ಯಾವ ಖಾತೆ ಅಂತ ನೋಡಿ

ಆ್ಯಪ್‌ಗೆ ಹಣ ಕಟ್ಟಿದ ಮೇಲೂ ಬೀಗದ ಗುರುತು ಹೋಗದಿದ್ದರೆ ಜನ ಮೊದಲು ಕಳಿಸುವುದು ಬ್ಯಾಂಕಿನ ಮೆಸೇಜಿನ ಸ್ಕ್ರೀನ್‌ಶಾಟ್. ಅಂಧೇರಿಯ ನಮ್ಮ ಆಫೀಸಿನಲ್ಲಿ ನಾನು ನೋಡುವ ಕೆಲಸವೇ ಆ್ಯಪ್ ಬಿಲ್ಲಿಂಗ್. ಹಾಗಾಗಿ ಇಂಥ ಸ್ಕ್ರೀನ್‌ಶಾಟ್ ದಿನಾ ಬರುತ್ತವೆ. ಆದರೆ ಅದರಿಂದ ನಮಗೆ ಏನೂ ಗೊತ್ತಾಗುವುದಿಲ್ಲ. ಬ್ಯಾಂಕ್ ಹಣ ಕೊಟ್ಟದ್ದು ಗೂಗಲ್ ಪ್ಲೇ ಸ್ಟೋರಿಗೆ ಅಥವಾ ಆಪಲ್‌ನ ಆ್ಯಪ್ ಸ್ಟೋರಿಗೆ. ಸ್ಟೋರ್ ಆ ಖರೀದಿಯನ್ನು ಬರೆದುಕೊಳ್ಳುವುದು ನಿಮ್ಮ ಕಾರ್ಡಿನ ಹೆಸರಲ್ಲಿ ಅಲ್ಲ, ನಿಮ್ಮ ಫೋನಿನ ಹೆಸರಲ್ಲೂ ಅಲ್ಲ. ಆ ಹೊತ್ತಿಗೆ ಯಾವ ಸ್ಟೋರ್ ಖಾತೆಯಿಂದ ಖರೀದಿ ಆಯಿತೋ ಆ ಖಾತೆಯ ಹೆಸರಲ್ಲಿ.

ಲೋಕಲ್ ಟ್ರೇನಿನ ಪಾಸ್ ಇದ್ದ ಹಾಗೆ. ಮಗನ ಹೆಸರಿನ ಪಾಸಿಗೆ ಅಪ್ಪನೇ ದುಡ್ಡು ಕೊಟ್ಟಿರಬಹುದು. ಆದರೂ ಅಪ್ಪ ಅದನ್ನು ಹಿಡಿದುಕೊಂಡು ಹತ್ತಿದರೆ ಟಿಸಿ ಒಪ್ಪುವುದಿಲ್ಲ, ಅಲ್ವಾ?

ಡೊಂಬಿವಲಿ ಪೂರ್ವದಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಹಾಡು ಕಲಿಸುವ, ಧಾರವಾಡ ಕಡೆಯ ಒಬ್ಬರು ಕಾಕು ಇದ್ದಾರೆ. ಪಾಠಕ್ಕೆ ತಂಬೂರಿ ಆ್ಯಪ್ ಬಳಸುತ್ತಾರೆ. ಎಲ್ಲ ಸ್ವರಗಳೂ ಬೇಕು ಅಂದರೆ ವರ್ಷಕ್ಕೆ 1,200 ರೂಪಾಯಿ ಚಂದಾ. ಒಂದು ಗುರುವಾರ ಸಂಜೆ ಕಟ್ಟಿದರು. ಶನಿವಾರ ಬೆಳಿಗ್ಗೆ ನನಗೆ ಫೋನು: "ಅಲ್ಲಪ್ಪಾ, ರೊಕ್ಕ ಹೋಗ್ಯದ, ಬ್ಯಾಂಕಿನ ಮೆಸೇಜೂ ಬಂದದ. ಇದು ಮಾತ್ರ ತೆರೀವಲ್ದು. ಇನ್ನೊಮ್ಮೆ ಕಟ್ಟಲೇನು?"

"ಬ್ಯಾಡ್ರಿ ಕಾಕು, ಈಗ ಏನೂ ಕಟ್ಟಬ್ಯಾಡ್ರಿ. ಗುರುವಾರ ಕಟ್ಟಿದ್ದು ಯಾವುದರೊಳಗ, ಹೇಳ್ರಿ" ಅಂದೆ.

ಕಟ್ಟಿದ್ದು ಟ್ಯಾಬ್‌ನಲ್ಲಿ. ಪುಣೆಯಲ್ಲಿರುವ ಮಗ ಹೊಸದು ಕೊಂಡಾಗ ಹಳೆಯ ಟ್ಯಾಬನ್ನು ಅಮ್ಮನ ಪಾಠಕ್ಕೆ ಅಂತ ಕೊಟ್ಟಿದ್ದ. ಕಾಕು ಅದರಲ್ಲಿ ತಮ್ಮ ಡೆಬಿಟ್ ಕಾರ್ಡಿನ ನಂಬರ್ ಹಾಕಿದ್ದರು, ತಮ್ಮ ಫೋನಿಗೆ ಬಂದ ಓಟಿಪಿ ಹಾಕಿದ್ದರು. ಅಷ್ಟರಲ್ಲಿ ಕರೆಂಟ್ ಹೋಗಿ ವೈಫೈ ನಿಂತಿತು. ಟ್ಯಾಬ್ ಮುಚ್ಚಿಟ್ಟು, ಮರುದಿನ ತಮ್ಮ ಫೋನಿನಲ್ಲಿ ಅದೇ ಆ್ಯಪ್ ಹಾಕಿಕೊಂಡು Restore purchases ಒತ್ತಿದರು. ಯಾವ ಖರೀದಿಯೂ ಸಿಗಲಿಲ್ಲ ಅಂತ ಬಂತು.

ಈ ಬಟನ್ ಬಗ್ಗೆ ಸ್ವಲ್ಪ ಹೇಳಬೇಕು. ಜನ ಇದನ್ನು ಕಳೆದುಹೋದದ್ದನ್ನು ಎಲ್ಲಿದ್ದರೂ ಹುಡುಕಿ ತರುವ ಬಟನ್ ಅಂದುಕೊಳ್ಳುತ್ತಾರೆ. ಅದು ಮಾಡುವುದು ಒಂದೇ ಕೆಲಸ: ಈ ಸಾಧನದಲ್ಲಿ ಈ ಆ್ಯಪ್‌ಗೆ ಹೊಂದಿಕೊಂಡಿರುವ ಸ್ಟೋರ್ ಖಾತೆಯಲ್ಲಿ ಈ ಆ್ಯಪ್‌ನ ಖರೀದಿ ಇದೆಯಾ ಅಂತ ಕೇಳುವುದು. ಕಾಕು ಫೋನಿನಲ್ಲಿ ಇದ್ದದ್ದು ಅವರದೇ ಜಿಮೇಲ್. ಟ್ಯಾಬ್‌ನಲ್ಲಿ ಇದ್ದದ್ದು ಮಗನ ಜಿಮೇಲ್. ಫೋನು ಕೇಳಿದ ಪ್ರಶ್ನೆಗೆ ಸ್ಟೋರ್ ಕೊಟ್ಟ ಉತ್ತರ ಸರಿಯೇ ಇತ್ತು. ಕಾಕು ಖಾತೆಯಲ್ಲಿ ಖರೀದಿಯೇ ಇರಲಿಲ್ಲ.

ಇದನ್ನು ಪತ್ತೆ ಮಾಡಲು ನಾನು ಎರಡು ಪರೀಕ್ಷೆ ಮಾಡಿಸುತ್ತೇನೆ. ಮೊದಲನೆಯದು ರಸೀದಿ. ಗೂಗಲ್ ಪ್ಲೇ ಪ್ರತಿ ಖರೀದಿಗೂ ಒಂದು ಆರ್ಡರ್ ನಂಬರ್ ಕೊಡುತ್ತದೆ, ಅದು GPA ಅನ್ನುವ ಮೂರು ಅಕ್ಷರದಿಂದ ಶುರುವಾಗುತ್ತದೆ. ರಸೀದಿಯ ಮೇಲ್ ಹೋಗುವುದು ಖರೀದಿ ಮಾಡಿದ ಖಾತೆಗೇ. ಹಾಗಾಗಿ ಮನೆಯಲ್ಲಿರುವ ಒಂದೊಂದೇ ಜಿಮೇಲ್ ತೆರೆದು GPA ಅಂತ ಹುಡುಕಿದರೆ ಆಯಿತು. ರಸೀದಿ ಯಾವ ಇನ್‌ಬಾಕ್ಸ್‌ನಲ್ಲಿ ಸಿಗುತ್ತದೋ ಆ ಖಾತೆಯೇ ಮಾಲೀಕ. ಕಾಕು ಇನ್‌ಬಾಕ್ಸ್‌ನಲ್ಲಿ ಏನೂ ಇರಲಿಲ್ಲ. ಮಗನಿಗೆ ಹೇಳಿ ನೋಡಿಸಿದರೆ ಗುರುವಾರ ಸಂಜೆಯ ರಸೀದಿ ಅಲ್ಲಿ ಕೂತಿತ್ತು. ಅವನು ಜಾಹೀರಾತು ಇರಬೇಕು ಅಂತ ತೆರೆದೇ ಇರಲಿಲ್ಲ.

ಎರಡನೆಯದು ಖರೀದಿಯ ಪರದೆ. ಆ್ಯಪ್‌ನಲ್ಲಿ ಚಂದಾ ಬಟನ್ ಒತ್ತಿ, ಹಣ ಕೊಡಬೇಡಿ, ಕೆಳಗಿಂದ ಮೇಲೆ ಬರುವ ಪ್ಲೇ ಸ್ಟೋರಿನ ಚೀಟಿಯನ್ನು ಸುಮ್ನೆ ಓದಿ. ಅದರಲ್ಲಿ ಸಣ್ಣ ಅಕ್ಷರದಲ್ಲಿ ಜಿಮೇಲ್ ವಿಳಾಸ ಇರುತ್ತದೆ. ಈ ಆ್ಯಪ್‌ಗೆ ಆ ಸಾಧನದಲ್ಲಿ ಯಾವ ಖಾತೆ ಹೊಂದಿಕೊಂಡಿದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಇದು ನಿಮ್ಮದಾಗಿಯೇ ಇದೆ ಅನ್ನುವ ಅರ್ಥದ ಸಂದೇಶ ಬಂದರೆ ಖಾತೆ ಸರಿಯಿದೆ, ತೊಂದರೆ ಆ್ಯಪ್ ಕಡೆಯದು. ಬೆಲೆ ತೋರಿಸಿ ಮತ್ತೆ ಹಣ ಕೇಳಿದರೆ ನೀವು ಬೇರೆ ಖಾತೆಯಲ್ಲಿ ನಿಂತಿದ್ದೀರಿ, ಇಲ್ಲವೇ ಮೊದಲ ಪಾವತಿ ಇನ್ನೂ ಮುಗಿದಿಲ್ಲ. ಓದಿದ ಮೇಲೆ ಹಿಂದಕ್ಕೆ ಒತ್ತಿ ಹೊರಬನ್ನಿ. ಫಿಂಗರ್‌ಪ್ರಿಂಟ್ ಜಾಗಕ್ಕೆ ಬೆರಳು ತಾಕಿಸಬೇಡಿ. ಐಫೋನ್‌ನಲ್ಲಿ ಪಕ್ಕದ ಬಟನ್ ಎರಡು ಸಲ ಒತ್ತಬೇಡಿ.

ಕಾಕು ವಿಷಯದಲ್ಲಿ ನನಗೆ ಆತುರ ಇತ್ತು. ಕಾರಣ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ನಿಯಮ. ಗೂಗಲ್ ಪ್ಲೇಯಲ್ಲಿ ಹಣ ಬಂದ ಮೇಲೆ ಆ್ಯಪ್ ಅಥವಾ ಅದರ ಸರ್ವರ್ "ಸಿಕ್ಕಿತು" ಅಂತ ಸ್ಟೋರಿಗೆ ತಿಳಿಸಬೇಕು. ಅದಕ್ಕೆ 3 ದಿನದ ಗಡುವು. ಅಷ್ಟರಲ್ಲಿ ತಿಳಿಸದಿದ್ದರೆ ಗೂಗಲ್ ತಾನಾಗಿಯೇ ಹಣ ವಾಪಸ್ ಮಾಡಿ ಖರೀದಿಯನ್ನು ರದ್ದು ಮಾಡುತ್ತದೆ. ಗ್ರಾಹಕರಿಗೆ ಇದು ಒಳ್ಳೆಯ ರಕ್ಷಣೆ. ಆ್ಯಪ್ ಸತ್ತರೂ ದುಡ್ಡು ಮುಳುಗುವುದಿಲ್ಲ. ಆದರೆ ಕಾಕುಗೆ ಬೇಕಿದ್ದದ್ದು ದುಡ್ಡಲ್ಲ, ತಂಬೂರಿ. ಗುರುವಾರ ಸಂಜೆ ವೈಫೈ ಹೋದಾಗ ಸ್ಟೋರಿನಲ್ಲಿ ಖರೀದಿ ಆಗಿಬಿಟ್ಟಿತ್ತು. ಸುದ್ದಿ ಮಾತ್ರ ಟ್ಯಾಬ್‌ನೊಳಗಿನ ಆ್ಯಪ್‌ಗೆ ತಲುಪಿರಲಿಲ್ಲ. ಟ್ಯಾಬನ್ನು ಮತ್ತೆ ಯಾರೂ ತೆರೆದಿರಲಿಲ್ಲ. ಭಾನುವಾರ ಸಂಜೆಯ ಹೊತ್ತಿಗೆ ಗಡುವು ಮುಗಿಯುತ್ತಿತ್ತು.

ಆದ್ದರಿಂದ ಫೋನನ್ನು ಪಕ್ಕಕ್ಕಿಡಿಸಿ ಟ್ಯಾಬ್ ಕೈಗೆ ತೆಗೆದುಕೊಳ್ಳಿ ಅಂದೆ. ನೆಟ್ ಬಂದಿದೆಯಾ ನೋಡಿಸಿದೆ. ಪ್ಲೇ ಸ್ಟೋರ್ ತೆರೆದು ಮೇಲಿನ ಮೂಲೆಯ ಗುಂಡು ಚಿತ್ರ ಒತ್ತಿಸಿದೆ. ಅಲ್ಲಿಂದ Payments & subscriptions, ಅದರೊಳಗೆ Subscriptions. ತಂಬೂರಿ ಆ್ಯಪ್ ಹೆಸರು ಆ ಪಟ್ಟಿಯಲ್ಲಿತ್ತು. ಅಂದರೆ ಸ್ಟೋರಿನ ಕಡೆ ಎಲ್ಲ ಸರಿ.

ಇನ್ನು ಆ್ಯಪ್. ಇಲ್ಲಿ ಕ್ರಮ ಮುಖ್ಯ. ತುಂಬಾ ಆ್ಯಪ್‌ಗಳಿಗೆ ಸ್ಟೋರ್ ಖಾತೆ ಬೇರೆ, ಅವುಗಳದ್ದೇ ಲಾಗಿನ್ ಬೇರೆ. ಖರೀದಿ ಸಿಕ್ಕಿದ ಕ್ಷಣದಲ್ಲಿ ಯಾರು ಲಾಗಿನ್ ಆಗಿದ್ದಾರೋ ಅವರ ಹೆಸರಿಗೆ ಅದನ್ನು ಕಟ್ಟಿಬಿಡುತ್ತವೆ. ಆಮೇಲೆ ಬೇರೆಯವರ ಹೆಸರಿಗೆ ಬದಲಾಯಿಸಲು ಕೆಲವು ಆ್ಯಪ್ ಒಪ್ಪುವುದೇ ಇಲ್ಲ. ಹಾಗಾಗಿ ಮೊದಲು ಲಾಗಿನ್, ಆಮೇಲೆ ರಿಸ್ಟೋರ್. ಕಾಕು ಟ್ಯಾಬ್‌ನಲ್ಲಿ ತಮ್ಮ ಮೊಬೈಲ್ ನಂಬರ್ ಹಾಕಿ ಲಾಗಿನ್ ಆದರು. ನಂತರ Restore purchases ಒತ್ತಿದರು. ಬೀಗ ಹೋಯಿತು. ಆಮೇಲೆ ಫೋನಿನಲ್ಲಿ ಒಮ್ಮೆ ಲಾಗೌಟ್ ಆಗಿ ಅದೇ ನಂಬರಿನಿಂದ ಒಳಗೆ ಬಂದರು. ಅಲ್ಲೂ ತೆರೆಯಿತು. ಫೋನಿನ ಸ್ಟೋರ್ ಖಾತೆಯಲ್ಲಿ ಖರೀದಿ ಈಗಲೂ ಇಲ್ಲ. ಆ್ಯಪ್‌ನ ಸರ್ವರ್ ಆ ನಂಬರಿಗೆ ಚಂದಾ ಇದೆ ಅಂತ ಬರೆದುಕೊಂಡಿದೆ, ಅಷ್ಟೇ.

ಲಾಗಿನ್ ಇಲ್ಲದ ಆ್ಯಪ್ ಆಗಿದ್ದರೆ ಇಷ್ಟು ಸುಲಭ ಇರುತ್ತಿರಲಿಲ್ಲ. ಆಗ ಫೋನಿಗೆ ಮಗನ ಜಿಮೇಲ್ ಸೇರಿಸಬೇಕು. ಪ್ಲೇ ಸ್ಟೋರಿನಲ್ಲಿ ಗುಂಡು ಚಿತ್ರ ಒತ್ತಿ ಆ ಖಾತೆಗೆ ಬದಲಾಯಿಸಬೇಕು. ಆ್ಯಪ್ ತೆಗೆದುಹಾಕಿ, ಆ ಖಾತೆಯಿಂದಲೇ ಮತ್ತೆ ಹಾಕಿಕೊಳ್ಳಬೇಕು. ಸ್ಟೋರಿನಲ್ಲಿ ಖಾತೆ ಬದಲಿಸಿದರೆ ಸಾಕು ಅಂದುಕೊಂಡು ಜನ ಇಲ್ಲೇ ಎಡವುತ್ತಾರೆ. ಮೊದಲೇ ಇರುವ ಆ್ಯಪ್ ಸಾಮಾನ್ಯವಾಗಿ ತನ್ನನ್ನು ಹಾಕಿದ ಖಾತೆಗೇ ಅಂಟಿಕೊಂಡಿರುತ್ತದೆ. ಇನ್ನೊಂದು ಮಾತು: ಮಗನ ಖಾತೆ ಸೇರಿಸಿದರೆ ಅವನ ಮೇಲ್, ಕಾಂಟ್ಯಾಕ್ಟ್ ಎಲ್ಲ ಅಮ್ಮನ ಫೋನಿಗೆ ಬರಲು ಶುರುವಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಖಾತೆಯ ಸಿಂಕ್ ನಿಲ್ಲಿಸಿ, ಮಗನಿಗೂ ಹೇಳಿ ಮಾಡಿ.

ಐಫೋನ್‌ನಲ್ಲೂ ಮೂಲ ಇದೇ, ಜಾಗ ಮಾತ್ರ ಬೇರೆ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿದರೆ Media & Purchases ಅಂತ ಇರುತ್ತದೆ. ಐಕ್ಲೌಡ್ ಒಂದು ಖಾತೆಯಲ್ಲಿದ್ದು ಖರೀದಿ ಇನ್ನೊಂದು ಖಾತೆಯಲ್ಲಿ ಇರಲು ಸಾಧ್ಯ. ನೋಡಬೇಕಾದದ್ದು ಈ ಎರಡನೆಯದನ್ನು. reportaproblem.apple.com ಪುಟಕ್ಕೆ ಆ ಖಾತೆಯಿಂದ ಹೋದರೆ ಖರೀದಿಗಳ ಪಟ್ಟಿ ಸಿಗುತ್ತದೆ. ಆಂಡ್ರಾಯ್ಡ್‌ನಲ್ಲಿ ಕೊಂಡದ್ದು ಐಫೋನ್‌ನ ರಿಸ್ಟೋರ್‌ಗೆ ಎಂದೂ ಸಿಗದು, ಅದಕ್ಕೆ ಆ್ಯಪ್‌ನ ಲಾಗಿನ್ ಒಂದೇ ದಾರಿ. ಆಟಗಳ ನಾಣ್ಯ, ವಜ್ರದಂಥ ಖರ್ಚಾಗಿ ಹೋಗುವ ವಸ್ತುಗಳೂ ರಿಸ್ಟೋರ್‌ನಿಂದ ಬರುವುದಿಲ್ಲ.

ರಸೀದಿ ಯಾವ ಇನ್‌ಬಾಕ್ಸ್‌ನಲ್ಲೂ ಇಲ್ಲ, ಬ್ಯಾಂಕಿನಿಂದ ಮಾತ್ರ ಹಣ ಹೋಗಿದೆ ಅಂದರೆ ಅದು ಬೇರೆಯದೇ ಕಥೆ. ಸ್ಟೋರಿನಲ್ಲಿ ಆರ್ಡರ್ ಪೆಂಡಿಂಗ್ ಅಂತ ಇದ್ದರೆ ಕಾಯಬೇಕು. ರಿಸ್ಟೋರ್ ಎಷ್ಟು ಸಲ ಒತ್ತಿದರೂ ಪೆಂಡಿಂಗ್ ಖರೀದಿಗೆ ಬೀಗ ತೆರೆಯಬಾರದು, ತೆರೆಯುವುದೂ ಇಲ್ಲ. ಯುಪಿಐನಲ್ಲಿ ಖಾತೆಯಿಂದ ಹಣ ಹೋಗಿ ವ್ಯಾಪಾರಿಗೆ ಖಾತ್ರಿ ತಲುಪದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ವ್ಯವಹಾರದ ದಿನದಿಂದ 5 ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಈ ದೂರು ಕೊಡಬೇಕಾದದ್ದು ಬ್ಯಾಂಕಿಗೆ ಅಥವಾ ಯುಪಿಐ ಆ್ಯಪ್‌ಗೆ. ಯುಪಿಐ ರೆಫರೆನ್ಸ್ ನಂಬರ್ ಅವರಿಗೆ ಅರ್ಥವಾಗುತ್ತದೆ. ಆ್ಯಪ್ ಮಾಡಿದ ನಮಗೆ ಆ ನಂಬರಿನಿಂದ ಏನನ್ನೂ ಹುಡುಕಲು ಆಗದು.

ನಮಗೆ ಬರೆಯುವುದಾದರೆ ಎರಡು ಸಾಕು: GPA ಇಂದ ಶುರುವಾಗುವ ಪೂರ್ತಿ ಆರ್ಡರ್ ನಂಬರ್, ಮತ್ತು ನೀವು ಆ್ಯಪ್‌ಗೆ ಲಾಗಿನ್ ಆಗುವ ನಂಬರ್ ಅಥವಾ ಮೇಲ್. ಕಾರ್ಡಿನ ನಂಬರ್, ಓಟಿಪಿ ನಮಗೆ ಯಾವ ಕಾಲಕ್ಕೂ ಬೇಡ. ಕೇಳಿದವರು ನಾವಲ್ಲ. ಬೀಗ ತೆಗೆಸಿಕೊಳ್ಳುವ ಮಾತು ನಡೆಯುತ್ತಿರುವಾಗ ಸ್ಟೋರಿನಲ್ಲಿ ರೀಫಂಡ್ ಕೇಳಬೇಡಿ. ರೀಫಂಡ್ ಆದರೆ ಖರೀದಿಯೂ ಹೋಗುತ್ತದೆ, ನಾವು ತೆರೆದದ್ದು ಮತ್ತೆ ಮುಚ್ಚಿಕೊಳ್ಳುತ್ತದೆ.

ಕಾಕು ಚಂದಾ ಈಗಲೂ ಮಗನ ಗೂಗಲ್ ಖಾತೆಯಲ್ಲೇ ಇದೆ. ಮುಂದಿನ ವರ್ಷ ನವೀಕರಣ ಆಗುವುದು ಅಲ್ಲಿಂದ, ದುಡ್ಡು ಹೋಗುವುದು ಕಾಕು ಕಾರ್ಡಿನಿಂದ. ಟ್ಯಾಬ್‌ನಿಂದ ಮಗನ ಖಾತೆ ತೆಗೆದರೂ, ಆ್ಯಪ್ ಅಳಿಸಿದರೂ ಅದು ನಿಲ್ಲುವುದಿಲ್ಲ. ಕಾಕು ಫೋನಿನ Subscriptions ಪಟ್ಟಿಯಲ್ಲಿ ಅದು ಕಾಣುವುದೂ ಇಲ್ಲ. ಅದಕ್ಕೇ ಮಗನಿಗೆ ಅವತ್ತೇ ಅವನ ಖಾತೆಯಿಂದ ನವೀಕರಣ ರದ್ದು ಮಾಡು ಅಂದೆ. ರದ್ದು ಮಾಡಿದರೂ ಕಟ್ಟಿದ ವರ್ಷ ಮುಗಿಯುವವರೆಗೆ ತಂಬೂರಿ ನಡೆಯುತ್ತದೆ. ಮುಗಿದ ಮೇಲೆ ಕಾಕು ತಮ್ಮ ಫೋನಿನಿಂದ, ತಮ್ಮದೇ ಜಿಮೇಲ್‌ನಲ್ಲಿ ಹೊಸದಾಗಿ ಕಟ್ಟುತ್ತಾರೆ.