ಅಟ್ರೋಪಿನ್ ಎಷ್ಟು ಸಾಕು?

ಮೆಕ್ಕೆಜೋಳಕ್ಕೆ ಹೊಡೆಯಲು ತಂದಿದ್ದ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕ ಸ್ವಲ್ಪ ಉಳಿದಿತ್ತು. ಯಾರೋ ಅದನ್ನು ಜ್ಯೂಸಿನ ಖಾಲಿ ಬಾಟಲಿಗೆ ಸುರಿದು ಅಡುಗೆಮನೆ ಗೂಡಿನಲ್ಲಿ ಇಟ್ಟಿದ್ದರು. ಸಂಜೆ ಕರೆಂಟ್ ಇಲ್ಲದ ಹೊತ್ತಿನಲ್ಲಿ, ಹೊಲದಿಂದ ಬಾಯಾರಿ ಬಂದ ಮನೆ ಯಜಮಾನರು ಅದನ್ನೇ ಎತ್ತಿ ಎರಡು ಗುಟುಕು ಕುಡಿದುಬಿಟ್ಟರು.

ಎರಡು ತಾಸಿನ ನಂತರ ನಮ್ಮ ಐಸಿಯುಗೆ ಬಂದಾಗ ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಪಂಚೆ ಒದ್ದೆ. ಕಣ್ಣಪಾಪೆ ಸೂಜಿಮೊನೆಯಷ್ಟು. ನಾಡಿ ನಿಮಿಷಕ್ಕೆ 48. ಎದೆಗೆ ಸ್ಟೆತೊಸ್ಕೋಪ್ ಇಟ್ಟರೆ ಎರಡೂ ಕಡೆ ಗೊರಗೊರ ಸದ್ದು. ಈ ಗೊರಗೊರವೇ ಜೀವ ತೆಗೆಯುವುದು. ವಿಷದಿಂದ ಶ್ವಾಸನಾಳಗಳ ತುಂಬ ನೀರೂರಿ, ಮನುಷ್ಯ ಒಳಗಿಂದಲೇ ಮುಳುಗುತ್ತಿರುತ್ತಾನೆ.

ಇದು ಯಾಕೆ ಹೀಗಾಗುತ್ತದೆ? ಜೊಲ್ಲು, ಬೆವರು, ಕಣ್ಣೀರು, ಕರುಳಿನ ಚಲನೆ, ಮೂತ್ರ, ಇವನ್ನೆಲ್ಲ ನಡೆಸುವ ನರಗಳು ತಮ್ಮ ತುದಿಯಲ್ಲಿ ಅಸಿಟೈಲ್‌ಕೊಲೀನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ಅದು ಅಂಗಗಳ ಮೇಲಿರುವ ಮಸ್ಕರಿನಿಕ್ ಗ್ರಾಹಕಗಳ ಮೇಲೆ ಕೂತರೆ ಕೆಲಸ ಶುರು. ಕೆಲಸ ಮುಗಿದ ತಕ್ಷಣ ಒಂದು ಕಿಣ್ವ ಬಂದು ಅದನ್ನು ಒಡೆದು ಹಾಕುತ್ತದೆ. ಈ ಕೀಟನಾಶಕ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಅಸಿಟೈಲ್‌ಕೊಲೀನ್ ಗುಂಪುಗಟ್ಟುತ್ತದೆ, ಎಲ್ಲ ನಲ್ಲಿಗಳೂ ಒಟ್ಟಿಗೆ ತೆರೆದುಕೊಳ್ಳುತ್ತವೆ.

ಇದಕ್ಕೆ ಕೊಡುವ ಮದ್ದು ಅಟ್ರೋಪಿನ್. ಅದು ಮಾಡುವುದು ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕುವ ಕೆಲಸ. ತಾನು ಹೋಗಿ ಆ ಗ್ರಾಹಕದ ಮೇಲೆ ಕೂರುತ್ತದೆ, ಆದರೆ ಯಾವ ಕೆಲಸವನ್ನೂ ಮಾಡಿಸುವುದಿಲ್ಲ. ಅಸಿಟೈಲ್‌ಕೊಲೀನ್‌ಗೆ ಜಾಗ ಸಿಗುವುದಿಲ್ಲ ಅಷ್ಟೇ. ಬಸ್ಸಿಗೆ ಜನ ಜಾಸ್ತಿ ನುಗ್ಗಿದಷ್ಟೂ ಟವೆಲ್ ಜಾಸ್ತಿ ಬೇಕು ಅಲ್ವಾ? ಅದಕ್ಕೇ ಈ ವಿಷಕ್ಕೆ ಇಂತಿಷ್ಟೇ ಅಟ್ರೋಪಿನ್ ಎಂಬ ಲೆಕ್ಕ ಇಲ್ಲ. ರೋಗಿಯ ಎದೆ ಕೇಳಿಕೊಂಡೇ ಲೆಕ್ಕ ಹಾಕಬೇಕು.

ನಮ್ಮಲ್ಲಿ ಸಿಗುವ ಒಂದು ಆಂಪೂಲಿನಲ್ಲಿ 0.6 ಮಿಲಿಗ್ರಾಂ ಇರುತ್ತದೆ. ಬಟ್ಟೆ ತೆಗೆಸಿ ಮೈ ತೊಳೆಸುತ್ತಲೇ ಐದು ಆಂಪೂಲು, ಅಂದರೆ 3 ಮಿಗ್ರಾಂ, ರಕ್ತನಾಳಕ್ಕೆ ಕೊಟ್ಟೆವು. ಐದು ನಿಮಿಷ ಕಳೆದರೂ ಗೊರಗೊರ ಹಾಗೇ ಇತ್ತು. ಡೋಸ್ ದುಪ್ಪಟ್ಟು ಮಾಡಿ 6 ಮಿಗ್ರಾಂ. ಮತ್ತೆ ಐದು ನಿಮಿಷ, 12 ಮಿಗ್ರಾಂ. ಆಗ ಎದೆ ತಿಳಿಯಾಯಿತು. ನಾಡಿ 96ಕ್ಕೆ ಬಂತು, ಬಿಪಿ ಸ್ಥಿರವಾಯಿತು, ಕಂಕುಳು ಒಣಗಿತು. ಒಟ್ಟು 21 ಮಿಗ್ರಾಂ, 35 ಆಂಪೂಲು. ಆಂಪೂಲು ಒಡೆಯುವುದಕ್ಕೇ ಒಬ್ಬ ಸಿಸ್ಟರ್ ನಿಂತಿದ್ದರು. ಆ ಮೊತ್ತದ ಹತ್ತನೇ ಒಂದು ಭಾಗವನ್ನು, ತಾಸಿಗೆ 2 ಮಿಗ್ರಾಂನಂತೆ, ಡ್ರಿಪ್ಪಿನಲ್ಲಿ ಶುರು ಮಾಡಿದೆವು. ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ತಪ್ಪಾದದ್ದು ಆ ರಾತ್ರಿ. ಕಣ್ಣಪಾಪೆ ಇನ್ನೂ ಸಣ್ಣದಾಗಿದೆ, ಬಲಗಡೆ ಎದೆಯ ತಳದಲ್ಲಿ ಸದ್ದು ಕೇಳುತ್ತಿದೆ ಎಂದು ಡ್ಯೂಟಿಯಲ್ಲಿದ್ದವರು ಡ್ರಿಪ್ಪನ್ನು ತಾಸಿಗೆ 4 ಮಿಗ್ರಾಂಗೆ ಏರಿಸಿದರು. ಪಾಪೆ ಹಿಗ್ಗುವುದು ಎಲ್ಲಕ್ಕಿಂತ ತಡವಾಗಿ, ಅದನ್ನು ಬೆನ್ನಟ್ಟಬಾರದು. ಇನ್ನು ವಿಷದ ಸದ್ದು ಎರಡೂ ಕಡೆ ಹರಡಿರುತ್ತದೆ. ಒಂದೇ ಕಡೆ, ತಳದಲ್ಲಿ ಮಾತ್ರ ಕೇಳಿದರೆ ವಾಂತಿ ಶ್ವಾಸಕೋಶಕ್ಕೆ ಇಳಿದಿರಬಹುದೆಂದು ಮೊದಲು ಯೋಚಿಸಬೇಕು. ಎಕ್ಸ್‌ರೇ ತೆಗೆಸಿದಾಗ ಅದೇ ಇತ್ತು. ನ್ಯುಮೋನಿಯಾಕ್ಕೆ ಅಟ್ರೋಪಿನ್ ಏನೂ ಮಾಡುವುದಿಲ್ಲ.

ಬೆಳಿಗ್ಗೆ ನಾನು ಬರುವಷ್ಟರಲ್ಲಿ ಅವರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. "ಸರ್, ರಾತ್ರಿಯಿಂದ ಗಾಳಿಯಲ್ಲಿ ಏನೋ ಆರಿಸ್ತಾ ಇದಾರೆ. ನನ್ನ ಗುರುತೇ ಹಿಡೀತಿಲ್ಲ."

ಅವರು ಹೊದಿಕೆಯ ಮೇಲಿಂದ ಕಾಣದ ಎಳೆಗಳನ್ನು ಕೀಳುತ್ತಿದ್ದರು. ಇಲ್ಲದ ಬೀಡಿಯನ್ನು ತುಟಿಗೆ ಇಡುತ್ತಿದ್ದರು. ಮಾತು ಗೊಣಗೊಣ, ನಾಲಿಗೆ ಮರದ ತೊಗಟೆಯಂತೆ ಒಣಗಿತ್ತು. ಜ್ವರ 102, ನಾಡಿ 140, ಮುಖ ಕೆಂಪೇರಿತ್ತು. "ಕುಡಿಯೋ ಅಭ್ಯಾಸ ಇತ್ತಂತೆ ಸರ್, ಅದು ನಿಂತಿದ್ದಕ್ಕೆ ಹೀಗೆ" ಎಂದರು ರಾತ್ರಿ ಪಾಳಿಯ ಡಾಕ್ಟರು. ಒಳ್ಳೆಯ ಅನುಮಾನವೇ. ಮದ್ಯ ಬಿಟ್ಟಾಗಲೂ ಜನ ಹೀಗೇ ಬಡಬಡಿಸುತ್ತಾರೆ. ಆದರೆ ಅವರು ಬೆವರಿ ತೊಯ್ದಿರುತ್ತಾರೆ. ಇವರ ಕಂಕುಳಿಗೆ ಕೈ ಇಟ್ಟರೆ ಕಾದ ಹಂಚಿನಂತೆ ಬಿಸಿ, ಒಣ. ಹೊಟ್ಟೆ ಉಬ್ಬಿತ್ತು, ಎರಡು ನಿಮಿಷ ಕೇಳಿದರೂ ಕರುಳಿನ ಸದ್ದೇ ಇಲ್ಲ. ಹೊಕ್ಕುಳ ಕೆಳಗೆ ಮೂತ್ರಕೋಶ ಗಟ್ಟಿಯಾಗಿ ಕೈಗೆ ಸಿಗುತ್ತಿತ್ತು.

ಇದು ಅಟ್ರೋಪಿನ್ ಅತಿಯಾದ ಚಿತ್ರ. ಅಂಗಗಳು ಇದಕ್ಕೆ ಒಂದೇ ಡೋಸಿಗೆ ಮಣಿಯುವುದಿಲ್ಲ. ವಿಷವಿಲ್ಲದ ಆರೋಗ್ಯವಂತರಿಗೆ ಅರ್ಧ ಮಿಗ್ರಾಂ ಸಾಕು, ಬಾಯಿ ಒಣಗುತ್ತದೆ, ಬೆವರು ಕಡಿಮೆಯಾಗುತ್ತದೆ. ಇನ್ನಷ್ಟು ಕೊಟ್ಟರೆ ಎದೆ ಡವಡವ, ಹತ್ತಿರದ ಅಕ್ಷರ ಮಸುಕು. ಮುಂದೆ ಮೂತ್ರ ಕಟ್ಟುತ್ತದೆ, ಕರುಳು ನಿಲ್ಲುತ್ತದೆ. 10 ಮಿಗ್ರಾಂ ಆಸುಪಾಸಿಗೆ ತಲೆ ಕೆಡುತ್ತದೆ, ಯಾಕೆಂದರೆ ಅಟ್ರೋಪಿನ್ ಮೆದುಳಿನೊಳಗೂ ಇಳಿಯುತ್ತದೆ. ಜ್ವರ ಸೋಂಕಿನದೇ ಆಗಬೇಕಿಲ್ಲ. ಬೆವರು ಬಂದಾದ ದೇಹ ಬಿಸಿ ಹೊರಹಾಕಲಾರದು. ಆಗ ಪ್ಯಾರಾಸಿಟಮಾಲ್‌ಗಿಂತ ಒದ್ದೆ ಬಟ್ಟೆ, ಫ್ಯಾನು ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಡ್ರಿಪ್ ನಿಲ್ಲಿಸಿದೆವು. ಕ್ಯಾಥೆಟರ್ ಹಾಕಿದಾಗ 900 ಎಂಎಲ್ ಮೂತ್ರ ಬಂತು, ಅರ್ಧ ಚಡಪಡಿಕೆ ಅದರಿಂದಲೇ ಇಳಿಯಿತು. ಉಳಿದದ್ದಕ್ಕೆ ಸ್ವಲ್ಪ ಡಯಾಜೆಪಾಮ್. ಅರ್ಧ ತಾಸಿಗೊಮ್ಮೆ ಎದೆ, ಹೊಟ್ಟೆ, ಕಂಕುಳು ನೋಡುತ್ತಾ ಕೂತೆವು. ಒಂದು ತಾಸಿನ ಮೇಲೆ ಕರುಳು ಗುಡುಗುಡು ಎಂದಿತು. ಆಗ ಡ್ರಿಪ್ಪನ್ನು ಮುಕ್ಕಾಲು ವೇಗಕ್ಕೆ, ತಾಸಿಗೆ 3 ಮಿಗ್ರಾಂಗೆ, ಮತ್ತೆ ಶುರು ಮಾಡಿ, ನಿಧಾನವಾಗಿ ಇಳಿಸುತ್ತಾ ಹೋದೆವು. ಪೂರ್ತಿ ನಿಲ್ಲಿಸಿ ಸುಮ್ನೆ ಬಿಡುವಂತಿಲ್ಲ. ಕ್ಲೋರ್‌ಪೈರಿಫಾಸ್ ಕೊಬ್ಬಿನಲ್ಲಿ ಸೇರಿಕೊಂಡು ದಿನಗಟ್ಟಲೆ ಹೊರಬರುತ್ತದೆ, ಗೊರಗೊರ ಮರಳಬಹುದು.

ಇದೇ ಚಿತ್ರ ಐಸಿಯು ಹೊರಗೂ ಸಿಗುತ್ತದೆ. ಮೆಣಸಿನ ಬೀಜದಂತೆ ಕಾಣುವ ದತ್ತೂರಿ ಬೀಜ ತಿಂದ ಮಗು ಒಣ ಬಾಯಿ, ಕೆಂಪು ಮುಖ, ಹಿಗ್ಗಿದ ಪಾಪೆ, ಬಡಬಡಿಕೆಯೊಂದಿಗೆ ಬರುತ್ತದೆ. ಅದರಲ್ಲಿರುವುದೂ ಅಟ್ರೋಪಿನ್ ಮತ್ತು ಅದರ ಬಳಗವೇ. ಇನ್ನೊಂದು, ವಯಸ್ಸಾದವರ ಮಾತ್ರೆ ಡಬ್ಬಿ. ಪದೇ ಪದೇ ಮೂತ್ರಕ್ಕೆಂದು ಆಕ್ಸಿಬ್ಯುಟಿನಿನ್, ಹೊಟ್ಟೆನೋವಿಗೆ ಡೈಸೈಕ್ಲೋಮಿನ್, ನಡುಕಕ್ಕೆ ಟ್ರೈಹೆಕ್ಸಿಫೆನಿಡಿಲ್. ಬೇರೆ ಬೇರೆ ಡಾಕ್ಟರು ಬರೆದಿರುತ್ತಾರೆ, ಮೂರೂ ಒಂದೇ ಗ್ರಾಹಕಕ್ಕೆ ಟವೆಲ್ ಹಾಕುತ್ತವೆ. ಅಜ್ಜಿಗೆ ಮರೆವು ದಿಢೀರ್ ಜಾಸ್ತಿಯಾಯಿತು, ಅಜ್ಜನಿಗೆ ಮೂತ್ರ ಕಟ್ಟಿತು ಎಂದು ಬಂದರೆ ನಾನು ಸ್ಕ್ಯಾನಿಗಿಂತ ಮೊದಲು ಆ ಡಬ್ಬಿ ಕೇಳುತ್ತೇನೆ. ಒಳಕಣ್ಣಿನ ಒತ್ತಡದ ಕಾಯಿಲೆ, ಅದರಲ್ಲೂ ಕೋನ ಕಿರಿದಾದ ಗ್ಲಾಕೋಮ ಇದ್ದವರಿಗೂ ಇವು ಅಪಾಯ.

ನಮ್ಮ ರೋಗಿಗೆ ಮೂರನೇ ದಿನ ಹೆಂಡತಿಯ ಗುರುತು ಸಿಕ್ಕಿತು. ಆ ದಿನಗಳಲ್ಲೆಲ್ಲ ನಾನು ದಿನಕ್ಕೆ ನಾಲ್ಕು ಸಲ, ದಿಂಬಿನಿಂದ ತಲೆ ಎತ್ತಿ ಎಂದು ಹೇಳಿ ನೋಡುತ್ತಿದ್ದೆ. ಅಟ್ರೋಪಿನ್ ಮಸ್ಕರಿನಿಕ್ ಗ್ರಾಹಕಗಳನ್ನಷ್ಟೇ ಮುಚ್ಚುತ್ತದೆ. ಸ್ನಾಯುಗಳಲ್ಲಿರುವುದು ನಿಕೋಟಿನಿಕ್ ಗ್ರಾಹಕ, ಅದಕ್ಕೆ ಇದು ತಾಗುವುದಿಲ್ಲ. ಎರಡರಿಂದ ನಾಲ್ಕನೇ ದಿನದೊಳಗೆ ಕುತ್ತಿಗೆ ಸೋತರೆ ಮುಂದೆ ಸೋಲುವುದು ಉಸಿರಿನ ಸ್ನಾಯು. ಆಗ ಬೇಕಾಗುವುದು ವೆಂಟಿಲೇಟರ್, ಇನ್ನಷ್ಟು ಆಂಪೂಲು ಅಲ್ಲ. ಅವರು ಪ್ರತಿ ಸಲವೂ ತಲೆ ಎತ್ತಿದರು. ಐದನೇ ದಿನ ಡ್ರಿಪ್ ತೆಗೆದೆವು, ಮತ್ತೊಂದು ದಿನ ಇಟ್ಟುಕೊಂಡು ಎದೆ ಕೇಳಿ ವಾರ್ಡಿಗೆ ಕಳಿಸಿದೆವು. ಪಾಪೆಗಳು ಆಗಲೂ ಅಗಲವಾಗಿಯೇ ಇದ್ದವು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೆಂಡತಿಯ ತೋಳು ಹಿಡಿದು ನಡೆದು ಹೋದರು.