ಫೋಟೋದಲ್ಲಿನ ಗ್ಯಾಂಟ್ ಚಾರ್ಟ್: ಉದ್ದದ ಪಟ್ಟಿಗೆ ಮೋಸಹೋಗಬೇಡಿ

ಯಾವ ಕೆಲಸ ಯಾವ ವಾರದಿಂದ ಯಾವ ವಾರದವರೆಗೆ ಎಂದು ಅಡ್ಡಪಟ್ಟಿಗಳಲ್ಲಿ ತೋರಿಸುವುದೇ ಗ್ಯಾಂಟ್ ಚಾರ್ಟ್. ಮೀಟಿಂಗಿನಲ್ಲಿ ಅದನ್ನು ಬರೆದ ಬೋರ್ಡಿನ ಫೋಟೋವನ್ನು ಯಾರೂ ಎದ್ದು ಹೋಗಿ ನೇರ ನಿಂತು ತೆಗೆಯುವುದಿಲ್ಲ. ಕೂತಲ್ಲಿಂದಲೇ ಓರೆಯಾಗಿ ತೆಗೆದಾಗ ದೂರದ ವಾರಗಳ ಕಾಲಂ ಕಿರಿದಾಗಿ ಕಾಣುತ್ತದೆ. ಹಾಗಾಗಿ ಪಟ್ಟಿಯ ಉದ್ದವನ್ನು ಸ್ಕೇಲಿನಲ್ಲಿ ಅಳೆಯಬೇಡಿ. ಪಟ್ಟಿಯ ಎರಡೂ ತುದಿಯಿಂದ ಲಂಬಗೆರೆ ಹಿಡಿದು ಮೇಲೆ ಹೋಗಿ, ವಾರದ ಸಂಖ್ಯೆ ಓದಿ. 4ರಿಂದ 7 ಎಂದರೆ ನಾಲ್ಕು ವಾರ, ಮೂರಲ್ಲ. ಎರಡೂ ತುದಿಯ ವಾರಗಳು ಲೆಕ್ಕಕ್ಕೆ ಸೇರುತ್ತವೆ.

ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಸುಲಿಯುವ ಶೆಡ್ಡಿನ ಚಾರ್ಟ್ ಎಂದುಕೊಳ್ಳಿ. ಕೆಲಸ ಶುರು ಮಾರ್ಚ್ 2, ಸೋಮವಾರ. ಫೋಟೋದಿಂದ ಓದಿ ಬರೆದುಕೊಂಡದ್ದು ಇಷ್ಟು:

ಪಾಯ 1–3
ಟ್ರಸ್ ತಯಾರಿ (ವರ್ಕ್‌ಶಾಪಿನಲ್ಲಿ) 1–5
ಗೋಡೆ 4–7
ಟ್ರಸ್ ಕೂರಿಸಿ ಶೀಟ್ ಹೊದಿಸುವುದು 8–9
ವೈರಿಂಗ್ 10–11
ನೆಲದ ಕಾಂಕ್ರೀಟ್, ಕ್ಯೂರಿಂಗ್ ಸೇರಿ 10–12
ಯಂತ್ರ ಕೂರಿಸುವುದು 13

ಇನ್ನು ಬಾಣಗಳು. ಒಂದು ಪಟ್ಟಿಯ ಬಲತುದಿಯಿಂದ ಇನ್ನೊಂದರ ಎಡತುದಿಗೆ ಬಾಣವಿದ್ದರೆ, ಮೊದಲನೆಯದು ಮುಗಿಯದೆ ಎರಡನೆಯದು ಶುರುವಾಗದು. ಟ್ಯೂಬ್‌ಲೈಟಿನ ಹೊಳಪಿನಲ್ಲಿ ಮೊದಲು ಮಾಯವಾಗುವುದೇ ಈ ಸಣ್ಣ ಗೆರೆಗಳು. ಆಗ, ಒಂದು ಮುಗಿದ ವಾರದ ಪಕ್ಕದಲ್ಲೇ ಇನ್ನೊಂದು ಶುರುವಾಗಿದೆ ಎಂದು ಸಂಬಂಧ ಕಟ್ಟಿಬಿಡುವ ಆಸೆಯಾಗುತ್ತದೆ. ಎಲೆಕ್ಟ್ರಿಷಿಯನ್ ಆ ವಾರವೇ ಸಿಗುತ್ತಾನೆ ಎಂಬಷ್ಟೇ ಕಾರಣಕ್ಕೂ ಪಟ್ಟಿ ಅಲ್ಲಿರಬಹುದು. ಬಾಣ ಕಾಣದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಚಾರ್ಟ್ ಬರೆದವರನ್ನೇ ಕೇಳಿ. ಕ್ರಿಟಿಕಲ್ ಪಾತ್ ಎಂದರೆ ಯಾವುದು ತಡವಾದರೂ ಇಡೀ ಯೋಜನೆಯೇ ತಡವಾಗುವ ಕೆಲಸಗಳ ಸರಪಳಿ. ಅದನ್ನು ಗುರುತಿಸಲು ಕೆಂಪು ಬಣ್ಣವನ್ನೂ ನಂಬಬೇಡಿ: ಬೋರ್ಡಿನ ಮೇಲೆ ಅದು ಕೈಗೆ ಸಿಕ್ಕ ಮಾರ್ಕರ್ ಇರಬಹುದು.

ನಮ್ಮ ಚಾರ್ಟಿನಲ್ಲಿ ಪಾಯದಿಂದ ಗೋಡೆಗೆ, ಗೋಡೆ ಮತ್ತು ಟ್ರಸ್ ಎರಡರಿಂದಲೂ ಶೀಟಿಗೆ, ಶೀಟಿನಿಂದ ವೈರಿಂಗ್ ಮತ್ತು ನೆಲಕ್ಕೆ, ಅವೆರಡರಿಂದ ಯಂತ್ರಕ್ಕೆ ಬಾಣಗಳಿವೆ. ಕ್ರಿಟಿಕಲ್ ಪಾತ್ ಹುಡುಕಲು ಕೊನೆಯಿಂದ ಹಿಂದಕ್ಕೆ ನಡೆಯಿರಿ. ಪ್ರತಿ ಕೆಲಸದಲ್ಲೂ ಒಂದೇ ಪ್ರಶ್ನೆ: ಇದು ಕಾಯುತ್ತಿದ್ದ ಕೆಲಸಗಳಲ್ಲಿ ಕೊನೆಗೆ ಮುಗಿದದ್ದು ಯಾವುದು? ಯಂತ್ರ ಕಾದದ್ದು 12ಕ್ಕೆ ಮುಗಿದ ನೆಲವನ್ನು, 11ಕ್ಕೇ ಮುಗಿದ ವೈರಿಂಗನ್ನಲ್ಲ. ನೆಲ ಶೀಟನ್ನು, ಶೀಟ್ ಗೋಡೆಯನ್ನು, ಗೋಡೆ ಪಾಯವನ್ನು. 3+4+2+3+1 ಕೂಡಿದರೆ 13 ವಾರ.

ಎಲ್ಲಕ್ಕಿಂತ ಉದ್ದದ ಪಟ್ಟಿ ಐದು ವಾರದ ಟ್ರಸ್. ಆದರೂ ಅದು ಈ ದಾರಿಯಲ್ಲಿಲ್ಲ. 7ನೇ ವಾರದ ಕೊನೆಗೆ ಸಿದ್ಧವಾದರೂ ಸಾಕು, ಅಂದರೆ ಎರಡು ವಾರ ಫ್ಲೋಟ್ ಇದೆ. ವೈರಿಂಗಿಗೆ ಇರುವುದು ಒಂದೇ ವಾರ.

ಆದರೆ ವರ್ಕ್‌ಶಾಪಿನವರು ಟ್ರಸ್ ಮೂರು ವಾರ ತಡ ಮಾಡಿದರೆ? ಅದು 8ಕ್ಕೆ ಮುಗಿಯುತ್ತದೆ, ಶೀಟ್ 9–10ಕ್ಕೆ ಜಾರುತ್ತದೆ, ನೆಲ 11–13, ಯಂತ್ರ 14. ಈಗ ಕ್ರಿಟಿಕಲ್ ಪಾತ್ ಟ್ರಸ್ಸಿನಿಂದಲೇ ಶುರು. ಗೋಡೆಗೆ ಒಂದು ವಾರ ಬಿಡುವು ಸಿಕ್ಕಿತು. 14ನೇ ವಾರ ಶುರುವಾಗುವುದು ಜೂನ್ 1ಕ್ಕೆ. ಮಳೆ ಹಿಡಿದರೆ ತೋಟದ ಮಣ್ಣುರಸ್ತೆಯಲ್ಲಿ ಯಂತ್ರದ ಲಾರಿ ಹೂತುಕೊಳ್ಳುತ್ತದೆ, ಮತ್ತು ಆ ಪಟ್ಟಿ ಯಾವ ಚಾರ್ಟಿನಲ್ಲೂ ಬರೆದಿರುವುದಿಲ್ಲ.